ಎರಡು ಗಡಿಯಾರಗಳ ನಡುವೆ ಒಂದು ಸಂದರ್ಶನ

ಕುಂದಾಪುರದ ಹಿರಿಯ ಭಾಗವತರೊಬ್ಬರನ್ನು ಮೈಸೂರಿನಿಂದ ಸಂದರ್ಶಿಸಿದಾಗ, ಇಂಟರ್ನೆಟ್ ಕರೆಯಲ್ಲಿ ಅವರ ಕಂಠದ ಸೊಗಸು ಉಳಿಯುವುದಿಲ್ಲವೆಂದು ನಾವಿಬ್ಬರೂ ನಮ್ಮ ನಮ್ಮ ದನಿಯನ್ನು ಅಲ್ಲಲ್ಲೇ ಮುದ್ರಿಸಿಕೊಂಡೆವು. ಅವರು ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಮಾತನಾಡಿದರು. ಮೇಜಿನ ಮೇಲಿದ್ದ ಮೊಬೈಲು ಏರೋಪ್ಲೇನ್ ಮೋಡ್‌ನಲ್ಲಿದ್ದು ಮುದ್ರಿಸುವುದನ್ನಷ್ಟೇ ಮಾಡಿತು. ನಾನು ಆಡಿಯೋ ಇಂಟರ್‌ಫೇಸಿನ ಮೊದಲ ಇನ್‌ಪುಟ್‌ಗೆ ನನ್ನ ಮೈಕನ್ನೂ, ಎರಡನೆಯದಕ್ಕೆ ಕರೆಯಲ್ಲಿ ಬರುತ್ತಿದ್ದ ಅವರ ದನಿಯನ್ನೂ ಕೊಟ್ಟಿದ್ದೆ. ಆ ಎರಡನೆಯ ಟ್ರ್ಯಾಕ್ ಕೇಳಿಸುವುದಕ್ಕಲ್ಲ, ಹೊಂದಿಸುವಾಗ ದಾರಿ ತೋರುವುದಕ್ಕೆ.

ಗುರುತಿಗಾಗಿ ಚಪ್ಪಾಳೆ ತಟ್ಟುವ ರೂಢಿಯಿದೆ. ಆದರೆ ಕರೆಯ ತಂತ್ರಾಂಶವು ಚಪ್ಪಾಳೆಯನ್ನು ಗದ್ದಲವೆಂದು ಬಗೆದು ಅಳಿಸಿಬಿಡುವುದುಂಟು. ಹಾಗಾಗಿ ಆರಂಭದಲ್ಲಿಯೂ ಕೊನೆಯಲ್ಲಿಯೂ "ಪಟ್" ಎಂದು ಮೂರು ಬಾರಿ ಹೇಳಲು ಕೇಳಿಕೊಂಡೆ. ಈ ಪದದ ಮೊದಲಕ್ಷರ ತರಂಗದ ಚಿತ್ರದಲ್ಲಿ ಕಡಿದಾದ ಗೋಡೆಯಂತೆ ಎದ್ದು ಕಾಣುತ್ತದೆ.

ಮೊದಲ "ಪಟ್" ಅನ್ನು ಹೊಂದಿಸಿ ಕೇಳುತ್ತ ಹೋದಂತೆ, ನಲವತ್ತನೆಯ ನಿಮಿಷದ ಹೊತ್ತಿಗೆ ಭಾಗವತರು ಪ್ರತಿ ಪ್ರಶ್ನೆಗೂ ತಡವರಿಸುವವರಂತೆ ಕೇಳಿಸತೊಡಗಿದರು. ಅವರು ತಟ್ಟನೆ ಉತ್ತರಿಸುವವರು. ಹಾಗೆ ಕೇಳಿಸುವುದು ಅವರಿಗೆ ಮಾಡುವ ಅನ್ಯಾಯವೆನಿಸಿತು. ಎರಡು ಗುರುತುಗಳ ನಡುವಿನ ಅವಧಿ ನನ್ನ ಕಡೆ 3600.00 ಸೆಕೆಂಡು, ಅವರ ಮೊಬೈಲಿನಲ್ಲಿ 3600.31 ಸೆಕೆಂಡು ಇತ್ತು. ಎರಡೂ ಸಾಧನಗಳು ಸೆಕೆಂಡಿಗೆ 48,000 ಮಾದರಿ ಎಂದು ಹೇಳಿಕೊಂಡರೂ, ಅವುಗಳೊಳಗಿನ ಸ್ಫಟಿಕಗಳು ಕೂದಲೆಳೆಯಷ್ಟು ಬೇರೆ ವೇಗದಲ್ಲಿ ಮಿಡಿಯುವುದೇ ಇದಕ್ಕೆ ಕಾರಣ.

ಸರಿಪಡಿಸುವ ಮುನ್ನ ನಡುವಿನಲ್ಲೊಂದು ಕಡೆ ಅಳೆಯಲೇಬೇಕು. ಅರ್ಧ ಗಂಟೆಯಲ್ಲಿ ಅವರು ಹೇಳಿದ "ತಾಳ" ಎಂಬ ಪದವನ್ನು ದಾರಿ ತೋರುವ ಟ್ರ್ಯಾಕಿನೊಂದಿಗೆ ಹೋಲಿಸಿದಾಗ ಅಂತರ ಸುಮಾರು 0.15 ಸೆಕೆಂಡು, ಅಂದರೆ ಹೆಚ್ಚುಕಡಿಮೆ ಅರ್ಧ, ಇತ್ತು. ಕರೆಯ ವಿಳಂಬವೇ ಆಗಾಗ ಏರಿಳಿಯುವುದರಿಂದ ಇದಕ್ಕಿಂತ ನಿಖರತೆಯನ್ನು ನಿರೀಕ್ಷಿಸಲಾಗದು. ಅಂತರ ಹೀಗೆ ಸಮವಾಗಿ ಬೆಳೆದಿದ್ದರೆ ಅದು ಗಡಿಯಾರದ ವ್ಯತ್ಯಾಸ. ಒಂದೆಡೆ ಥಟ್ಟನೆ ಜಿಗಿದಿದ್ದರೆ ಮುದ್ರಣವೇ ಅಲ್ಲಿ ತುಂಡಾಗಿದೆ ಎಂದರ್ಥ. ಆಗ ವೇಗ ಬದಲಿಸಿದರೆ ಸರಿಯಿದ್ದ ಭಾಗವೂ ಕೆಡುತ್ತದೆ, ಜಿಗಿದ ಜಾಗದಲ್ಲಿ ಕತ್ತರಿಸಿ ಸರಿಸುವುದೇ ದಾರಿ.

3600.31 ಅನ್ನು 3600ರಿಂದ ಭಾಗಿಸಿದರೆ 1.0000861. ಮೊಬೈಲಿನ ಕಡತವನ್ನು ಮೊದಲು ವೇವ್ ರೂಪಕ್ಕೆ ತಂದು, ಬಳಿಕ ಅದರ ವೇಗವನ್ನು ಅಷ್ಟು ಹೆಚ್ಚಿಸಿದೆ:

```
ffmpeg -i guest.m4a -ar 48000 guest.wav
sox guest.wav guest2.wav speed 1.0000861
```

ಇದರಿಂದ ಶ್ರುತಿಯೂ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ; ಆದರೆ ಶೇಕಡ 0.01ಕ್ಕೂ ಕಡಿಮೆಯಾದ ಈ ಏರಿಕೆ ಯಾವ ಕಿವಿಗೂ ತಿಳಿಯದು. ಶ್ರುತಿಯನ್ನು ಹಾಗೆಯೇ ಇಟ್ಟು ಅವಧಿಯನ್ನು ಮಾತ್ರ ಕುಗ್ಗಿಸುವ ವಿಧಾನವನ್ನು ನಾನು ಬೇಕೆಂದೇ ಬಿಟ್ಟೆ, ಏಕೆಂದರೆ ಅದು ದನಿಯನ್ನು ಚೂರು ಚೂರಾಗಿ ಜೋಡಿಸುತ್ತದೆ, ಭಾಗವತರು ನಡುವೆ ಪದ್ಯವನ್ನೂ ಹಾಡಿದ್ದರು.

ಹೊಸ ಕಡತದ ಮೊದಲ "ಪಟ್" ಅನ್ನು ಮತ್ತೆ ಹೊಂದಿಸಿದೆ. ಕೊನೆಯದು ತಾನಾಗಿಯೇ ತನ್ನ ಜಾಗಕ್ಕೆ ಬಂದಿತ್ತು. ದಾರಿ ತೋರಿದ ಟ್ರ್ಯಾಕನ್ನು ಮೌನವಾಗಿಸಿ, ಉಳಿದೆರಡನ್ನು ಸೇರಿಸಿದೆ.