‘ಚಾಕು ಎಲ್ಲಿದ್ದು?’: ಎರಡನೆಯ ಸ್ಲೈಡನ್ನು ಮೂರು ಸಲ ಬರೆದ ಅನುಭವ

ಶಿರಸಿಯಲ್ಲಿ ನಮ್ಮದೊಂದು ಕೃಷಿ ಪರಿಕರಗಳ ಅಂಗಡಿ ಇದೆ. ಮೇ ತಿಂಗಳ ಕೊನೆಯ ವಾರ ಬಂತೆಂದರೆ ಅಡಿಕೆ ತೋಟದವರು ಮೈಲುತುತ್ತು ಮತ್ತು ಸುಣ್ಣಕ್ಕಾಗಿ ಸಾಲುಗಟ್ಟುತ್ತಾರೆ. ಮಳೆ ಹಿಡಿಯುವುದರೊಳಗೆ ಕೊಳೆರೋಗಕ್ಕೆ ಇವೆರಡನ್ನೂ ನೀರಿನಲ್ಲಿ ಕೂಡಿಸಿದ ಬೋರ್ಡೋ ದ್ರಾವಣವನ್ನು ಮೊದಲ ಸುತ್ತು ಹೊಡೆದು ಮುಗಿಸಬೇಕೆಂಬ ಅವಸರ ಎಲ್ಲರದು. ಆ ಗಡಿಬಿಡಿಯಲ್ಲಿ ಪ್ರತಿಯೊಬ್ಬರಿಗೂ ದ್ರಾವಣ ಕೂಡಿಸುವ ಕ್ರಮವನ್ನು ಬಾಯಲ್ಲಿ ಹೇಳುತ್ತ ನಿಲ್ಲಲಾಗದೆ, ಅಂಗಡಿಯ ಇನ್‌ಸ್ಟಾಗ್ರಾಂ ಪುಟದಲ್ಲಿ ಪಕ್ಕಕ್ಕೆ ಸರಿಸುತ್ತ ನೋಡುವ ಏಳು ಸ್ಲೈಡುಗಳ ಒಂದು ಕರೂಸೆಲ್ ಹಾಕುವುದೆಂದು ನಿಶ್ಚಯಿಸಿದೆ. ಅದರಲ್ಲಿ ಆರು ಸ್ಲೈಡುಗಳು ಒಂದೇ ಸಂಜೆಯಲ್ಲಿ ಮುಗಿದವು. ಎರಡನೆಯದೊಂದನ್ನು ಮಾತ್ರ ಮೂರು ಸಲ ಬರೆಯಬೇಕಾಯಿತು.

ನಾನು ಹೇಳಹೊರಟ ವಿಷಯ ಚಿಕ್ಕದು. ಕೂಡಿಸಿದ ಬೋರ್ಡೋ ದ್ರಾವಣದಲ್ಲಿ ಸುಣ್ಣ ಕಡಿಮೆಯಾದರೆ ಮೈಲುತುತ್ತಿನ ತಾಮ್ರ ಬಿಡಿಯಾಗಿ ಉಳಿದು, ದ್ರಾವಣ ಆಮ್ಲೀಯವಾಗಿ, ಎಳೆಯ ಕಾಯಿಗಳನ್ನು ಸುಡುತ್ತದೆ. ಇದನ್ನು ಕಂಡುಹಿಡಿಯಲು ಹಳೆಯದೊಂದು ಪರೀಕ್ಷೆಯಿದೆ: ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕಂದು ಲೇಪ ಕೂತಿದ್ದರೆ ಸುಣ್ಣ ಸಾಲದೆಂದು ಅರ್ಥ. ಮುಖಪುಟದ ಸ್ಲೈಡಿನಲ್ಲಿ ಚಾಕುವಿನ ಚಿತ್ರವಿಟ್ಟು, ‘ಕೊಳೆ ತಡೆಯುವ ಗುಟ್ಟು ಒಂದು ಚಾಕುವಿನಲ್ಲಿದೆ’ ಎಂದು ದಪ್ಪಕ್ಷರದಲ್ಲಿ ಬರೆದೆ.

ಎರಡನೆಯ ಸ್ಲೈಡಿನ ಮೊದಲ ರೂಪ ಹೀಗಿತ್ತು: ‘ಕೊಳೆರೋಗವು ಅಡಿಕೆ ಬೆಳೆಗೆ ಮಳೆಗಾಲದಲ್ಲಿ ತಗಲುವ ಪ್ರಮುಖ ಶಿಲೀಂಧ್ರ ರೋಗವಾಗಿದ್ದು, ಇದರ ನಿಯಂತ್ರಣಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಶಿಫಾರಸು ಮಾಡಲಾಗಿದೆ.’ ಶಾಲೆಯ ಪ್ರಬಂಧದಲ್ಲಿ ಪೀಠಿಕೆ ಬರೆದು ಬರೆದು ಬಂದ ಅಭ್ಯಾಸವದು. ಪ್ರಕಟಿಸುವ ಮೊದಲು ಅಂಗಡಿಗೆ ಬಂದ ಪರಿಚಿತ ಹಿರಿಯರೊಬ್ಬರ ಕೈಗೆ ಫೋನು ಕೊಟ್ಟು, ಏನೂ ಹೇಳದೆ ಅವರ ಹೆಬ್ಬೆರಳನ್ನೇ ನೋಡುತ್ತ ನಿಂತೆ. ಮುಖಪುಟವನ್ನು ಆಸಕ್ತಿಯಿಂದಲೇ ನೋಡಿ ಪಕ್ಕಕ್ಕೆ ಸರಿಸಿದರು. ಎರಡನೆಯದರಲ್ಲಿ ಕಣ್ಣು ಮೊದಲ ಸಾಲಿನ ಅರ್ಧಕ್ಕೆ ಹೋಗಿರಬಹುದು, ಅಷ್ಟರಲ್ಲಿ ಬೆರಳು ಹಿಂದಕ್ಕೆ ಸರಿದು ಮುಖಪುಟಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು, ಕೊನೆಗೆ ಫೋನನ್ನೇ ನನ್ನ ಕೈಗಿಟ್ಟರು. “ಇದೆಲ್ಲಾ ಗೊತ್ತಿದ್ದದ್ದೇಯಾ ತಮಾ, ಚಾಕು ಎಲ್ಲಿದ್ದು?” ಎಂದರು.

ಅವರ ಬೆರಳು ಹಿಂದಕ್ಕೆ ಹೋದದ್ದೇ ನನಗೆ ಹೆಚ್ಚು ಕಲಿಸಿತು. ತಾನು ಸರಿಸಿದ್ದು ಬೇರೆ ಯಾವುದೋ ಪೋಸ್ಟಿಗೆ ಹೋಯಿತೇನೋ ಎಂದು ಅವರಿಗೆ ಅನುಮಾನ ಬಂದಿತ್ತು. ಮುಖಪುಟದಲ್ಲಿ ಚಾಕು ಇತ್ತು, ಎರಡನೆಯದರಲ್ಲಿ ಚಾಕುವಿನ ಚಿತ್ರವೂ ಇಲ್ಲ, ಹೆಸರೂ ಇಲ್ಲ. ಜೊತೆಗೆ, ಶಿರಸಿ ಸೀಮೆಯ ತೋಟಿಗನಿಗೆ ಕೊಳೆರೋಗ ಎಂದರೇನೆಂದು ವಿವರಿಸುವುದು ಕಾರವಾರದ ಮೀನುಗಾರನಿಗೆ ಬಲೆ ಎಂದರೇನೆಂದು ಹೇಳಿದಂತೆ. ಸರಿಸಿದವನು ಈಗಾಗಲೇ ಒಂದು ಹೆಜ್ಜೆ ಮುಂದೆ ಬಂದಿರುತ್ತಾನೆ. ಪೀಠಿಕೆಯು ಅವನನ್ನು ಮತ್ತೆ ಬಾಗಿಲ ಹೊರಗೆ ನಿಲ್ಲಿಸುತ್ತದೆ.

ಆಗ ನಾನು ಇನ್ನೊಂದು ತುದಿಗೆ ಜಿಗಿದೆ. ಕೊಡುವುದಾದರೆ ಎಲ್ಲವನ್ನೂ ಕೊಟ್ಟುಬಿಡೋಣವೆಂದು ಎರಡನೆಯ ಸ್ಲೈಡಿನಲ್ಲೇ 1 ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಯಾವುದನ್ನು ಯಾವುದಕ್ಕೆ ಸುರಿಯಬೇಕು, ಯಾವ ಪಾತ್ರೆ ಕೂಡದು, ಚಾಕು ಪರೀಕ್ಷೆ, ಎರಡನೆಯ ಸುತ್ತು 40ರಿಂದ 45 ದಿನಗಳಿಗೆ ಎಂದು ಕೋಷ್ಟಕ ಮಾಡಿ ತುಂಬಿದೆ. ಈ ಸಲ ಪರೀಕ್ಷೆಗೆ ಬೇರೆ ದಾರಿ ಹಿಡಿದೆ. ಕರೂಸೆಲಿನಲ್ಲಿ ಓದುಗರು ಯಾವ ಸ್ಲೈಡಿನಲ್ಲಿ ಬಿಟ್ಟುಹೋದರು ಎಂಬ ಲೆಕ್ಕ ನನಗೆ ಸಿಗುತ್ತಿರಲಿಲ್ಲ, ಆದರೆ ಸ್ಟೋರಿಯಲ್ಲಿ ಪ್ರತಿ ಚೌಕಟ್ಟಿಗೂ ಎಷ್ಟು ಜನ ಮುಂದೆ ಹೋದರು, ಎಷ್ಟು ಜನ ಹಿಂದಕ್ಕೆ ಬಂದರು, ಎಷ್ಟು ಜನ ಹೊರಬಿದ್ದರು ಎಂಬುದು ಬೇರೆ ಬೇರೆಯಾಗಿ ಕಾಣಿಸುತ್ತದೆ. ಆದ್ದರಿಂದ ಅದೇ ಏಳು ಸ್ಲೈಡುಗಳನ್ನು ಏಳು ಸ್ಟೋರಿಗಳಾಗಿ ಸಾಲಾಗಿ ಹಾಕಿ, ಮರುದಿನ ಅಂಕಿಗಳನ್ನು ನೋಡಿದೆ. ಅತಿ ಹೆಚ್ಚು ‘ಎಕ್ಸಿಟೆಡ್’ ಎರಡನೆಯದರಲ್ಲೇ ಇತ್ತು. ಸ್ಟೋರಿ ತಾನಾಗಿ ಮುಂದೆ ಓಡುತ್ತದೆ, ಕರೂಸೆಲನ್ನು ಕೈಯಿಂದಲೇ ಸರಿಸಬೇಕು. ಆದ್ದರಿಂದ ಎರಡರ ಅಂಕಿಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಆದರೆ ಏಳರಲ್ಲಿ ಯಾವುದು ಎಡವುಗಲ್ಲು ಎಂದು ತಿಳಿಯಲು ಅಷ್ಟು ಸಾಕಾಗುತ್ತದೆ.

ಕೋಷ್ಟಕದಲ್ಲಿ ಉತ್ತರ ಇದ್ದರೂ ಜನ ಏಕೆ ಹೋದರು ಎಂದು ಯೋಚಿಸಿದಾಗ, ಉತ್ತರ ಇರುವುದು ಬೇರೆ, ಕಾಣುವುದು ಬೇರೆ ಎಂದು ಹೊಳೆಯಿತು. ಆರು ಸಾಲುಗಳ ನಡುವೆ ಚಾಕು ಐದನೆಯ ಸಾಲಿನಲ್ಲಿತ್ತು. ಅಷ್ಟನ್ನು ತುರುಕಲು ಅಕ್ಷರವನ್ನು ಸಣ್ಣದು ಮಾಡಿದ್ದರಿಂದ, ನಮ್ಮ ಲಿಪಿಯ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ ‘ಮೈಲುತುತ್ತು’ ಎಂಬ ಒಂದು ಪದವೇ ಕಪ್ಪು ಗೆರೆಯಂತೆ ಕಾಣುತ್ತಿತ್ತು. ಕಂಪ್ಯೂಟರಿನ ಪರದೆಯಲ್ಲಿ ಸ್ಪಷ್ಟವಾಗಿದ್ದದ್ದು, ತೋಟದಲ್ಲಿ ಬಿಸಿಲಿಗೆ ಹಿಡಿದ ಫೋನಿನಲ್ಲಿ ಓದಲು ಬರುತ್ತಿರಲಿಲ್ಲ.

ಮೂರನೆಯ ರೂಪವನ್ನು ಬರೆಯುವಾಗ ಕ್ರಮವನ್ನೇ ತಿರುಗಿಸಿದೆ. ಮೊದಲು ಎರಡನೆಯ ಸ್ಲೈಡನ್ನು ಬರೆದು, ಅದು ನಿಜವಾಗಿ ಏನನ್ನು ಕೊಡಬಲ್ಲದು ಎಂದು ನೋಡಿ, ಅಷ್ಟನ್ನೇ ಮುಖಪುಟದಲ್ಲಿ ಹೇಳುವುದೆಂದುಕೊಂಡೆ. ಹಾಗೆ ನೋಡಿದಾಗ ನನ್ನ ಮುಖಪುಟದ ಮಾತೇ ಸುಳ್ಳಾಗಿತ್ತು. ಚಾಕು ಕೊಳೆಯನ್ನು ತಡೆಯುವುದಿಲ್ಲ. ದ್ರಾವಣದಲ್ಲಿ ಸುಣ್ಣ ಸಾಕೇ ಎಂದಷ್ಟೇ ಹೇಳುತ್ತದೆ. ಔಷಧಿಯನ್ನು ತಡವಾಗಿ ಹೊಡೆದರೆ ಅಥವಾ ಅಡಿಕೆ ಗೊನೆಯ ಒಳಗಿನ ಕಾಯಿಗಳಿಗೆ ತಾಗದಂತೆ ಹೊಡೆದರೆ, ದ್ರಾವಣ ಎಷ್ಟು ಸರಿಯಾಗಿದ್ದರೂ ಕೊಳೆ ಬರುತ್ತದೆ. ‘ಕೊಳೆ ತಡೆಯುವ ಗುಟ್ಟು’ ಎಂದು ಕರೆದಿದ್ದರೆ ಯಾವ ಎರಡನೆಯ ಸ್ಲೈಡೂ ಆ ಸಾಲವನ್ನು ತೀರಿಸುತ್ತಿರಲಿಲ್ಲ. ಮುಖಪುಟವನ್ನು ‘ನಿಮ್ಮ ಬೋರ್ಡೋದಲ್ಲಿ ಸುಣ್ಣ ಸಾಕೇ? ಚಾಕು ಹೇಳುತ್ತದೆ’ ಎಂದು ಕಿರಿದು ಮಾಡಿದೆ. ನೋಡುವವರು ಸ್ವಲ್ಪ ಕಡಿಮೆಯಾಗಬಹುದೆಂಬ ಅಳುಕಿತ್ತು. ಆದರೆ ಈ ಪ್ರಶ್ನೆ ಕೇಳಿಕೊಳ್ಳದವರು ಬಂದು ಮರಳುವುದರಿಂದ ನನಗಾಗಲಿ ಅವರಿಗಾಗಲಿ ಪ್ರಯೋಜನವಿರಲಿಲ್ಲ.

ಎರಡನೆಯ ಸ್ಲೈಡು ಹೀಗಾಯಿತು:

‘ಚಾಕುವನ್ನು ಬೋರ್ಡೋದಲ್ಲಿ ಅದ್ದಿ. ಒಂದು ನಿಮಿಷ ಬಿಡಿ. ಅಲಗು ಕೆಂಪಾಯಿತೇ? ಸುಣ್ಣ ಸಾಲದು.’

ಮೇಲೆ ಇಷ್ಟು, ಕೆಳಗೆ ಅದೇ ಮುಖಪುಟದ ಚಾಕು, ಈಗ ಅಲಗಿನ ಅರ್ಧಕ್ಕೆ ತಾಮ್ರದ ಲೇಪ ಹಿಡಿದದ್ದು. ಅಂಗಡಿಯ ಹಿತ್ತಿಲಲ್ಲಿ ಬಕೆಟ್ಟಿನಲ್ಲಿ ಬೇಕೆಂದೇ ಸುಣ್ಣ ಕಡಿಮೆ ಹಾಕಿ ಕೂಡಿಸಿ, ಅದ್ದಿ ತೆಗೆದು, ಮುಖಪುಟದ ಚಿತ್ರ ತೆಗೆದ ಅದೇ ಹಲಗೆಯ ಮೇಲೆ ಅದೇ ಕೋನದಲ್ಲಿಟ್ಟು ಫೋಟೋ ತೆಗೆದೆ. ಮುಖಪುಟದ ಕೊನೆಯ ವಾಕ್ಯದಲ್ಲಿದ್ದ ‘ಚಾಕು’ ಎಂಬ ಪದವೇ ಇಲ್ಲಿ ಮೊದಲ ಪದ. ಹಿಂದೆ ಆ ಹಿರಿಯರ ಬೆರಳನ್ನು ಹಿಂದಕ್ಕೆ ಎಳೆದ ಅನುಮಾನ ಇದರಿಂದ ತಪ್ಪಿತು.

ಈ ನಾಲ್ಕು ತುಂಡು ವಾಕ್ಯಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ, ‘ತಯಾರಿಸಿದ ದ್ರಾವಣದ ಆಮ್ಲೀಯತೆಯನ್ನು ಪರೀಕ್ಷಿಸುವ ಸಲುವಾಗಿ ಹೊಳಪುಳ್ಳ ಚಾಕುವನ್ನು ಅದರಲ್ಲಿ...’ ಎಂದು ಶುರು ಮಾಡಿದರೆ ಏನು ಮಾಡಬೇಕೆಂಬುದು ಮೂರನೆಯ ಸಾಲಿನವರೆಗೂ ತಿಳಿಯುವುದಿಲ್ಲ. ಲೇಖನದಲ್ಲಿ ಓದುಗ ಅಷ್ಟು ಕಾಯುತ್ತಾನೆ, ಸ್ಲೈಡಿನಲ್ಲಿ ಕಾಯುವುದಿಲ್ಲ. ಉದ್ದನೆಯ ವಾಕ್ಯ ನನಗೂ ಇಷ್ಟವೇ. ಆದರೆ ಅದಕ್ಕೆ ಜಾಗ ಐದನೆಯ ಸ್ಲೈಡು ಅಥವಾ ಪೋಸ್ಟಿನ ಕೆಳಗಿನ ವಿವರಣೆ.

ಇನ್ನೊಂದು ಕಾರಣಕ್ಕೂ ಮೊದಲ ಪದವಾಗಿ ‘ಚಾಕು’ ಬೇಕಿತ್ತು. ಮೊದಲ ಸಲ ಕಂಡಾಗ ಸರಿಸದೆ ಹೋದವರಿಗೆ ಇನ್‌ಸ್ಟಾಗ್ರಾಂ ಅದೇ ಕರೂಸೆಲನ್ನು ಮತ್ತೊಮ್ಮೆ ತೋರಿಸುವಾಗ ಎರಡನೆಯ ಸ್ಲೈಡಿನಿಂದಲೇ ತೋರಿಸುವುದುಂಟು. ಅಂದರೆ ಕೆಲವರಿಗೆ ಎರಡನೆಯದೇ ಮುಖಪುಟ. ‘ಇದನ್ನು ಹೀಗೆ ಅದ್ದಿ’ ಎಂದೋ ‘ಇದಕ್ಕೆ ಕಾರಣ’ ಎಂದೋ ಆರಂಭಿಸಿದರೆ, ಮೊದಲನೆಯದನ್ನು ಗಮನಿಸದವರಿಗೆ ಯಾವುದನ್ನು, ಎಲ್ಲಿ ಎಂದು ತಿಳಿಯದು. ಮುಂದುವರಿದಂತೆಯೂ ಇರಬೇಕು, ತಾನೊಂದೇ ನಿಲ್ಲುವಂತೆಯೂ ಇರಬೇಕು. ಈ ಎರಡನ್ನೂ ಹೊಂದಿಸಲು ನನಗೆ ಕಂಡ ದಾರಿ ಸರ್ವನಾಮದ ಬದಲು ವಸ್ತುವಿನ ಹೆಸರನ್ನೇ ಮತ್ತೆ ಬರೆಯುವುದು. ಈಗ ಪ್ರತಿ ಸಲ ಮುಖಪುಟವನ್ನು ನೋಡದ ಯಾರಾದರೊಬ್ಬರಿಗೆ ಎರಡನೆಯದನ್ನು ಮಾತ್ರ ತೋರಿಸಿ, ಇದು ಯಾವುದರ ಬಗ್ಗೆ ಎಂದು ಕೇಳುತ್ತೇನೆ.

ಉತ್ತರವನ್ನು ಇಷ್ಟು ಬೇಗ ಕೊಟ್ಟರೆ ಮುಂದೆ ಯಾರು ಸರಿಸುತ್ತಾರೆ ಎಂಬ ಭಯ ನನಗೂ ಇತ್ತು. ಸ್ಟೋರಿಯಾಗಿ ಮತ್ತೆ ಹಾಕಿ ನೋಡಿದಾಗ ಎರಡನೆಯದರಲ್ಲಿ ಹೊರಬೀಳುವವರು ಕಡಿಮೆಯಾಗಿದ್ದರು, ಮೂರನೆಯದರಿಂದ ಹಿಂದಕ್ಕೆ ಬಂದು ಎರಡನೆಯದನ್ನು ಮತ್ತೆ ನೋಡಿದವರೂ ಇದ್ದರು. ‘ಸುಣ್ಣ ಸಾಲದು’ ಎಂದ ಕೂಡಲೇ ‘ಹಾಗಾದರೆ ಎಷ್ಟು ಹಾಕಲಿ?’ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ, ಅದರ ಉತ್ತರ ಮೂರನೆಯದರಲ್ಲಿದೆ: ಸುಣ್ಣದ ತಿಳಿಯಲ್ಲ, ಸುಣ್ಣದ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಕದಡಿ, ಚಾಕುವನ್ನು ಮತ್ತೆ ಉಜ್ಜಿ ಅದ್ದಿ, ಕೆಂಪು ಹಿಡಿಯದವರೆಗೆ. ನಾಲ್ಕನೆಯದರಲ್ಲಿ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಬೇಕು, ತಿರುಗುಮುರುಗು ಕೂಡದು ಎಂಬುದು. ಉಳಿದವುಗಳಲ್ಲಿ ಹೊಸದೇನಿಲ್ಲ.

ಹಾಗೆಂದು ಮೂರನೆಯ ರೂಪವೂ ನಿರ್ದೋಷವಾಗಿರಲಿಲ್ಲ. ಪ್ರಕಟಿಸಿದ ನಾಲ್ಕನೆಯ ದಿನ ಒಬ್ಬರು ಫೋನು ಮಾಡಿ, “ಚಾಕು ಅದ್ದಿದೆ, ಏನೂ ಆಗ್ಲಿಲ್ಲ, ಔಷಧಿ ಸರಿ ಇದ್ದು ಅಂತಾಯ್ತಲ್ಲಾ?” ಎಂದು ಕೇಳಿದರು. ಯಾವ ಚಾಕು ಎಂದು ವಿಚಾರಿಸಿದರೆ ಅಡುಗೆ ಮನೆಯ ಸ್ಟೀಲ್ ಚಾಕು. ತುಕ್ಕು ಹಿಡಿಯದ ಆ ಸ್ಟೀಲಿನ ಮೇಲೆ ತಾಮ್ರ ಸುಲಭವಾಗಿ ಕೂರುವುದಿಲ್ಲ, ಆದ್ದರಿಂದ ದ್ರಾವಣ ಕೆಟ್ಟಿದ್ದರೂ ಅಲಗು ಬೆಳ್ಳಗೇ ಉಳಿಯಬಹುದು. ‘ಕಬ್ಬಿಣದ’ ಎಂಬ ಪದ ನನ್ನ ಕರಡಿನಲ್ಲಿತ್ತು. ಸಾಲು ಒಂದೇ ಗೆರೆಯಲ್ಲಿ ಕೂರಲೆಂದು ನಾನೇ ತೆಗೆದು ಮೂರನೆಯ ಸ್ಲೈಡಿಗೆ ಹಾಕಿದ್ದೆ. ಎರಡನೆಯದನ್ನು ಓದಿ ಕೆಲಸಕ್ಕೆ ಇಳಿಯುವಷ್ಟು ಅದು ಚೆನ್ನಾಗಿತ್ತು, ತಪ್ಪಿಲ್ಲದೆ ಮಾಡುವಷ್ಟು ಪೂರ್ಣವಾಗಿರಲಿಲ್ಲ. ಒಂದು ಮೊಳೆಯನ್ನು ಉಜ್ಜಿ ಅದ್ದಿ ನೋಡಲು ಅವರಿಗೆ ಹೇಳಿದೆ. ಅರ್ಧ ಗಂಟೆಯಲ್ಲಿ ಕೆಂಪಾದ ಮೊಳೆಯ ಫೋಟೋ ವಾಟ್ಸಾಪಿಗೆ ಬಂತು. ಆ ಸಂಜೆಯೇ ಕೆಳಗಿನ ವಿವರಣೆಯ ಮೊದಲ ಸಾಲಿನಲ್ಲಿ ತಿದ್ದುಪಡಿ ಹಾಕಿ, ಎರಡನೆಯ ಸುತ್ತಿನ ಹೊತ್ತಿಗೆ ಹೊಸದಾಗಿ ಪ್ರಕಟಿಸಿದ ಕರೂಸೆಲಿನಲ್ಲಿ ‘ಕಬ್ಬಿಣದ ಚಾಕುವನ್ನು ಬೋರ್ಡೋದಲ್ಲಿ ಅದ್ದಿ’ ಎಂದು ಎರಡು ಗೆರೆಗಳಲ್ಲಿ ಬರೆದೆ. ಜಾಗಕ್ಕಾಗಿ ಅಂಗಡಿಯ ಲಾಂಛನವನ್ನು ಆ ಸ್ಲೈಡಿನಿಂದ ತೆಗೆದೆ.