ನೂರು ಪದದೊಳಗೆ ‘ಈ ಯೂನಿವರ್ಸಿಟಿಯೇ ಯಾಕೆ?’

ಅಮೆರಿಕದ ಪರ್ಡ್ಯೂ ಯೂನಿವರ್ಸಿಟಿಗೆ ನಾನು ಅರ್ಜಿ ಹಾಕಿದ ವರ್ಷ ಈ ಪ್ರಶ್ನೆಗೆ ಇದ್ದ ಮಿತಿ 100 ಪದ. ಮಿತಿ ವರ್ಷ ವರ್ಷ ಬದಲಾಗುತ್ತದೆ, ಫಾರ್ಮ್‌ನಲ್ಲೇ ನೋಡಿಕೊಳ್ಳಿ. ಇಲ್ಲಿನ ಅವಕಾಶಗಳು ತರಗತಿಯ ಒಳಗೂ ಹೊರಗೂ ನಿಮ್ಮ ಆಸಕ್ತಿಗೆ ಹೇಗೆ ನೆರವಾಗುತ್ತವೆ ಎಂದು ಕೇಳಿದ್ದರು. ಒಳಗೆ, ಹೊರಗೆ ಎರಡಕ್ಕೂ ಉತ್ತರ ಬೇಕು. ಒಂದನ್ನು ಬಿಟ್ಟರೆ ಅರ್ಧ ಪ್ರಶ್ನೆ ಹಾಗೇ ಉಳಿಯುತ್ತದೆ, ಅಲ್ವಾ?

ಯೂನಿವರ್ಸಿಟಿಯ ವೆಬ್‌ಸೈಟ್ ತೆರೆಯುವ ಮೊದಲು ನನ್ನ ಹತ್ತಿರ ಏನಿದೆ ಅಂತ ನೋಡಿದೆ. ಉದ್ಯಾವರದಲ್ಲಿ ಹೊಳೆ ಬದಿಗೆ ಚಿಕ್ಕಮ್ಮನ ಮನೆ. ಏಪ್ರಿಲ್ ಬಂತೆಂದರೆ ಬಾವಿ ನೀರು ಉಪ್ಪಾಗುತ್ತದೆ, ಚಹಾಕ್ಕೂ ಆಗುವುದಿಲ್ಲ. ನೀರಿನಲ್ಲಿ ಕರಗಿದ ಉಪ್ಪಿನಂಶ ತೋರಿಸುವ ಒಂದು ಟಿಡಿಎಸ್ ಮೀಟರ್ ನಾನು ತಂದು ಅಕ್ಕಪಕ್ಕದ ಬಾವಿಗಳ ನೀರು ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಪಿಯುಸಿ ಪರೀಕ್ಷೆ ಬಂದಾಗ ಅಳೆಯುವುದು ನಿಂತಿತು. ಮುಂದುವರಿಸುವವರು ಯಾರೂ ಇರಲಿಲ್ಲ.

ಈ ಕೊರತೆಯನ್ನೇ ಹಿಡಿದು ಹುಡುಕಿದೆ. ಪರ್ಡ್ಯೂನಲ್ಲಿ ಎಪಿಕ್ಸ್ ಅಂತ ಒಂದು ಕಾರ್ಯಕ್ರಮ 1995ರಿಂದ ಇದೆ. ವಿದ್ಯಾರ್ಥಿ ತಂಡಗಳು ಊರಿನ ಸಂಸ್ಥೆಗಳಿಗೆ ಬೇಕಾದ್ದನ್ನು ವಿನ್ಯಾಸ ಮಾಡಿ ಕೊಡುತ್ತವೆ. ಮೊದಲ ವರ್ಷದವರೂ ಕೊನೆ ವರ್ಷದವರೂ ಒಂದೇ ತಂಡದಲ್ಲಿರುತ್ತಾರೆ. ಹಳಬರು ಹೋದರೂ ಕೆಲಸ ಸೆಮಿಸ್ಟರ್‌ನಿಂದ ಸೆಮಿಸ್ಟರ್‌ಗೆ ಸಾಗುತ್ತದೆ. ನನಗೆ ಬೇಕಿದ್ದದ್ದು ಇದೇ. ಇದಕ್ಕೆ ಸೇರಿದ ಲರ್ನಿಂಗ್ ಕಮ್ಯುನಿಟಿಯೂ ಇದೆ. ಅದರಲ್ಲಿ ಇದೇ ಆಸಕ್ತಿಯ ಮೊದಲ ವರ್ಷದವರ ಜೊತೆ ಬೆರೆಯಬಹುದು. ‘ಹೊರಗೆ’ ಅನ್ನುವ ಭಾಗಕ್ಕೂ ಅಲ್ಲೇ ಉತ್ತರ ಸಿಕ್ಕಿತು.

ಇಂಗ್ಲಿಷಿನಲ್ಲಿ ಕಳಿಸಿದ ಉತ್ತರದ ಸಾರ ಹೀಗಿತ್ತು:

“ಬೇಸಿಗೆಯಲ್ಲಿ ನಮ್ಮೂರ ಬಾವಿಗಳು ಉಪ್ಪಾಗುತ್ತವೆ. ನಾನು ಅಳೆದು ಬರೆದಿಟ್ಟೆ. ನಾನು ನಿಲ್ಲಿಸಿದ ದಿನ ದಾಖಲೆಯೂ ನಿಂತಿತು. ಎಪಿಕ್ಸ್‌ನಲ್ಲಿ ತಂಡ ಬದಲಾದರೂ ಕೆಲಸ ನಿಲ್ಲುವುದಿಲ್ಲ. ಹೊಸಬರಿಗೆ ಕೆಲಸ ದಾಟಿಸುವುದು ಹೇಗೆಂದು ಮೊದಲ ವರ್ಷದಿಂದಲೇ ಕಲಿಯಬೇಕು. ಎಪಿಕ್ಸ್ ಲರ್ನಿಂಗ್ ಕಮ್ಯುನಿಟಿಗೆ ಸೇರಿ, ತರಗತಿ ಮುಗಿದ ಮೇಲೂ ಆ ಚರ್ಚೆ ಮುಂದುವರಿಸಬೇಕು. ಕೊನೆಗೆ ಸಿವಿಲ್ ಎಂಜಿನಿಯರಿಂಗ್ ಆರಿಸಿ, ಕರಾವಳಿಯ ಸಿಹಿನೀರಿನ ಮೇಲೆ ಕೆಲಸ ಮಾಡುವ ಆಸೆ.”

ಮೊದಲ ಕರಡಿನಲ್ಲಿ ರ‍್ಯಾಂಕಿಂಗ್, ಚೆಂದದ ಕ್ಯಾಂಪಸ್, ಒಬ್ಬ ಪ್ರೊಫೆಸರ ಹೆಸರು ಎಲ್ಲಾ ಇತ್ತು. ರ‍್ಯಾಂಕಿಂಗ್ ಅವರಿಗೇ ಗೊತ್ತು. ಕ್ಯಾಂಪಸ್ ಸಾಲಿನಲ್ಲಿ ಬೇರೆ ಕಾಲೇಜಿನ ಹೆಸರು ಹಾಕಿ ಓದಿದೆ, ಏನೂ ವ್ಯತ್ಯಾಸ ಕಾಣಲಿಲ್ಲ, ಹೊಡೆದು ಹಾಕಿದೆ. ಪ್ರೊಫೆಸರು ಪಾಠ ಮಾಡುವುದು ಪಿಜಿಯವರಿಗೆ ಮಾತ್ರ ಆಗಿದ್ದರೆ ಆ ಹೆಸರು ಸುಮ್ನೆ ಅಲಂಕಾರ. ಯಾವ ಕೋರ್ಸ್ ಬರೆದರೂ ಮೊದಲ ವರ್ಷದವರಿಗೆ ಅದು ಸಿಗುತ್ತದಾ ಅಂತ ಕ್ಯಾಟಲಾಗ್‌ನಲ್ಲಿ ನೋಡಿಯೇ ಬರೆಯಬೇಕು. ಅಲ್ಲಿ ಎಂಜಿನಿಯರಿಂಗ್‌ಗೆ ಸೇರುವವರಿಗೆ ಮೊದಲ ವರ್ಷ ಒಂದೇ, ಬ್ರಾಂಚ್ ಆಮೇಲೆ. ಹಾಗಾಗಿ ನಾನು ‘ಕೊನೆಗೆ’ ಸಿವಿಲ್ ಅಂತ ಬರೆದೆ.

ಇಷ್ಟು ಕಡಿಮೆ ಜಾಗದಲ್ಲಿ ಎರಡು ವಿವರಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ಮೂರನೆಯದು ಬಂದರೆ ಪಟ್ಟಿಯಾಗುತ್ತದೆ. ಮುಂದಿನ ಕಾಲೇಜಿಗೆ ಬರೆಯುವಾಗ ಬಾವಿಯ ಎರಡು ಸಾಲು ಮಾತ್ರ ಉಳಿಸಿಕೊಂಡೆ, ಉಳಿದದ್ದನ್ನು ಮೊದಲಿಂದ ಹುಡುಕಬೇಕಾಯಿತು.