ಗೆರೆ ಕಂಡ ಕೂಡಲೇ ಪೈಪ್ ಹಾಕಬೇಕೇ?

ಹೌಸ್ ಸರ್ಜನ್ಸಿ ಮುಗಿಸಿ ಮೊದಲ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಬ್ಬ ಅಜ್ಜಿಗೆ ಎದೆಯಲ್ಲಿ ಪೈಪ್ ಹಾಕಲು ಹೊರಟಿದ್ದೆ. ಬೇಡದ ಪೈಪ್. ಮಂಚದ ಮೇಲೆಯೇ ಮಲಗಿಸಿ ತೆಗೆದ ಎಕ್ಸ್-ರೇ. ಎಡ ಎದೆಯಲ್ಲಿ ಮೇಲಿಂದ ಕೆಳಕ್ಕೆ ಒಂದು ಗೆರೆ ಇಳಿದಿತ್ತು. ಶ್ವಾಸಕೋಶ ಮುದುಡಿದೆ, ಅದರ ಹೊರಗೆ ಗಾಳಿ ತುಂಬಿದೆ, ಅಂದರೆ ನ್ಯೂಮೊಥೊರಾಕ್ಸ್ ಅಂದುಕೊಂಡು, ಆ ಗಾಳಿಯನ್ನು ಪೈಪಿನಲ್ಲಿ ಹೊರತೆಗೆಯಲು ಟ್ರೇ ಸಿದ್ಧ ಮಾಡಿ ಎಂದೆ.

ನಮ್ಮ ಸೀನಿಯರ್ ಮೇಡಂ ಫಿಲ್ಮನ್ನು ಲೈಟ್ ಬಾಕ್ಸಿಗೆ ಸಿಕ್ಕಿಸಿ ನೋಡಿ, "ಇದು ಗೆರೆ ಅಲ್ಲ ಕಣಪ್ಪಾ, ಅಂಚು" ಎಂದರು. ಮಂಚದಲ್ಲಿ ಅಜ್ಜಿಯ ಬೆನ್ನಿನ ಸಡಿಲ ಚರ್ಮ ಎಕ್ಸ್-ರೇ ಫಿಲ್ಮಿನ ಕ್ಯಾಸೆಟ್ಟಿನ ಮೇಲೆ ಮಡಚಿಕೊಂಡಿತ್ತು, ಅಷ್ಟೇ. ಬೆರಳಿಟ್ಟು ತೋರಿಸಿದರು. ಚರ್ಮದ ಮಡಿಕೆಯಾದರೆ ಒಂದು ಕಡೆ ಬಿಳುಪು ನಿಧಾನವಾಗಿ ದಟ್ಟವಾಗುತ್ತಾ ಬಂದು ಒಮ್ಮೆಲೇ ಕಪ್ಪಿಗೆ ಬೀಳುತ್ತದೆ. ಶ್ವಾಸಕೋಶದ ಹೊದಿಕೆಯಾದ ಪ್ಲೂರಾದ ನಿಜವಾದ ಗೆರೆ ಹಾಗಲ್ಲ. ಅದು ಪೆನ್ಸಿಲ್‌ನಲ್ಲಿ ಎಳೆದ ಹಾಗೆ ತೆಳ್ಳಗೆ ಬಿಳಿ, ಅದರ ಎರಡೂ ಕಡೆ ಕಪ್ಪು. ಆ ಅಜ್ಜಿಯ 'ಗೆರೆ' ಪಕ್ಕೆಲುಬಿನ ಗೂಡನ್ನೂ ದಾಟಿ ಹೊರಗೆ ಹೋಗಿತ್ತು. ಅದರಾಚೆ ರಕ್ತನಾಳದ ಎಳೆಗಳೂ ಕಾಣುತ್ತಿದ್ದವು. ಗಾಳಿ ತುಂಬಿದ ಜಾಗದಲ್ಲಿ ಆ ಎಳೆಗಳು ಇರಲು ಸಾಧ್ಯವೇ ಇಲ್ಲ ಅಲ್ವಾ?

ಅಂದಿನಿಂದ ನನ್ನ ರೂಢಿ ಒಂದೇ. ಗೆರೆಯನ್ನು ಎರಡೂ ತುದಿಯವರೆಗೆ ಬೆರಳಲ್ಲಿ ಹಿಂಬಾಲಿಸುತ್ತೇನೆ. ಆಮೇಲೆ ಅದರ ಹೊರಗೆ ಎಳೆಗಳಿವೆಯೇ ಎಂದು ಹುಡುಕುತ್ತೇನೆ. ಹೆಗಲ ಮೂಳೆಯ ಒಳ ಅಂಚು ಕೂಡ ಮೋಸ ಮಾಡುತ್ತದೆ, ಆದರೆ ಬೆರಳು ಅದರ ಜೊತೆ ಹೋದರೆ ಅದು ಎದೆಗೂಡಿನ ಹೊರಗಿನ ಮೂಳೆಗೇ ತಲುಪುತ್ತದೆ. ಸಾಧ್ಯವಾದರೆ ನಿಲ್ಲಿಸಿ, ಉಸಿರು ಎಳೆದು ಹಿಡಿಸಿ ಫಿಲ್ಮ್ ತೆಗೆಸುತ್ತೇನೆ. ನಿಂತವರಲ್ಲಿ ಗಾಳಿ ಮೇಲಕ್ಕೆ ಏರುತ್ತದೆ, ಗೆರೆ ಕತ್ತಿನ ಬುಡದ ಹತ್ತಿರವೇ ಸಿಗುತ್ತದೆ. ಮಲಗಿದವರಲ್ಲಿ ಗಾಳಿ ಮುಂಭಾಗಕ್ಕೆ, ಕೆಳಗಿನ ಮೂಲೆಗೆ ಹೋಗುತ್ತದೆ. ಆಗ ಗೆರೆ ಕಾಣದೆಯೂ ಗಾಳಿ ಇರಬಹುದು.

ಗೆರೆ ನಿಜ ಅಂತ ಗೊತ್ತಾದ ಮೇಲಿನ ಪ್ರಶ್ನೆಯೇ ಕಷ್ಟದ್ದು.

ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬಂದ. ಕರಾವಳಿ ಕಡೆಯವನು, 22 ವರ್ಷ, ಉದ್ದ, ಸಣಕಲು, ಸಿಗರೇಟು ಸೇದುತ್ತಿದ್ದ. ಕೂತು ಮೊಬೈಲ್ ನೋಡುತ್ತಿದ್ದಾಗ ಬಲ ಎದೆಯಲ್ಲಿ ಚುಚ್ಚಿದ ಹಾಗಾಯಿತಂತೆ. ಭಾರ ಎತ್ತಿರಲಿಲ್ಲ, ಬಿದ್ದಿರಲಿಲ್ಲ. ತಾನೇ ನಡೆದುಕೊಂಡು ಬಂದಿದ್ದ. ಆಕ್ಸಿಜನ್ 97, ನಾಡಿ 88, ಬಿಪಿ ಸರಿ. ನೋವಿತ್ತು, ಉಬ್ಬಸ ಇರಲಿಲ್ಲ. ಫಿಲ್ಮಿನಲ್ಲಿ, ಶ್ವಾಸಕೋಶದೊಳಕ್ಕೆ ನಾಳಗಳು ಹೋಗುವ ಹೈಲಮ್ ಮಟ್ಟದಲ್ಲಿ ಗೆರೆಗೂ ಪಕ್ಕೆಲುಬಿಗೂ ನಡುವೆ ಎರಡೂವರೆ ಸೆಂಟಿಮೀಟರ್ ಅಂತರ.

ಕಣ್ಣಿಗೆ ಅದು ಸಣ್ಣ ಪಟ್ಟಿ. ಲೆಕ್ಕ ಹಾಕಿದರೆ ಬೇರೆ ಕಥೆ. ಒಂದು ಕಡೆಯ ಎದೆ 10 ಸೆಂಟಿಮೀಟರ್ ಅಗಲ, ಗೆರೆಯವರೆಗೆ ಶ್ವಾಸಕೋಶ 8 ಇದೆ ಅಂದುಕೊಳ್ಳಿ. ಹಿಗ್ಗುವುದು ಮೂರೂ ದಿಕ್ಕಿಗೆ, ಹಾಗಾಗಿ 8ರ ಘನ 512, 10ರ ಘನ 1000. ಅಂದರೆ 2 ಸೆಂಟಿಮೀಟರ್ ಪಟ್ಟಿಯಲ್ಲೇ ಸುಮಾರು ಅರ್ಧ ಜಾಗ ಗಾಳಿಯದ್ದು! ಬ್ರಿಟಿಷ್ ಥೊರಾಸಿಕ್ ಸೊಸೈಟಿಯ 2010ರ ಮಾರ್ಗಸೂಚಿ 2 ಸೆಂಟಿಮೀಟರ್ ಮೀರಿದ್ದನ್ನು 'ದೊಡ್ಡದು' ಎಂದು ಕರೆದಿತ್ತು. ನಾವು ಕಲಿತದ್ದೂ ಹಾಗೇ. ದೊಡ್ಡದಾದರೆ ಸೂಜಿಯಲ್ಲಿ ಗಾಳಿ ಎಳೆ, ಆಗದಿದ್ದರೆ ಪೈಪ್ ಹಾಕು.

ಆದರೆ 2020ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಒಂದು ಅಧ್ಯಯನ ಬಂತು. ಬೇರೆ ಶ್ವಾಸಕೋಶದ ಕಾಯಿಲೆ ಇಲ್ಲದ 316 ಜನ, ಎಲ್ಲರಿಗೂ ಮಧ್ಯಮ ಅಥವಾ ದೊಡ್ಡ ನ್ಯೂಮೊಥೊರಾಕ್ಸ್. ಅರ್ಧದಷ್ಟು ಜನರಿಗೆ ಪೈಪ್, ಉಳಿದವರಿಗೆ ಬರೀ ನಿಗಾ. ನಿಗಾದಲ್ಲಿದ್ದವರಲ್ಲಿ ಸುಮಾರು ಶೇ. 85 ಮಂದಿಗೆ ಪೈಪ್ ಬೇಕಾಗಲೇ ಇಲ್ಲ. ಅದೇ ಸೊಸೈಟಿಯ 2023ರ ಮಾರ್ಗಸೂಚಿಯೂ ಅಳತೆಗಿಂತ ರೋಗಿ ಹೇಗಿದ್ದಾನೆ ಎಂಬುದಕ್ಕೆ ಹೆಚ್ಚು ಬೆಲೆ ಕೊಟ್ಟಿತು.

ಹುಡುಗನಿಗೆ ಪೈಪ್ ಹಾಕಲಿಲ್ಲ. ನೋವಿನ ಮಾತ್ರೆ ಕೊಟ್ಟು ಕೂರಿಸಿದೆ. ನಾಲ್ಕು ಗಂಟೆ ಬಿಟ್ಟು ಇನ್ನೊಂದು ಫಿಲ್ಮ್ ತೆಗೆಸಿದೆ, ಗೆರೆ ಅಲ್ಲೇ ಇತ್ತು. ವಾರ್ಡಿನ ಉದ್ದಕ್ಕೂ ನಡೆಸಿದೆ, ದಮ್ಮು ಬರಲಿಲ್ಲ. ಮನೆ ದೂರ ಅಂತ ಒಂದು ರಾತ್ರಿ ಇರಿಸಿಕೊಂಡೆ. ಅವನ ಅಮ್ಮ ಒಪ್ಪಲಿಲ್ಲ. "ಅರ್ಧ ಗಾಳಿ ತುಂಬಿದೆ ಅಂತೀರಿ, ಸುಮ್ನೆ ಕಳಿಸ್ತೀರಾ ಡಾಕ್ಟ್ರೇ?" ಸರಿಯಾದ ಪ್ರಶ್ನೆಯೇ. ದಿನಕ್ಕೆ ಶೇ. 2ರಷ್ಟು ಗಾಳಿಯನ್ನು ದೇಹವೇ ಹೀರಿಕೊಳ್ಳುತ್ತದೆ, ತಿಂಗಳ ಮೇಲೆ ಹಿಡಿಯುತ್ತದೆ ಎಂದು ವಿವರಿಸಿದೆ. ದಮ್ಮು ಹೆಚ್ಚಾದರೆ ರಾತ್ರಿಯಾದರೂ ಸರಿ, ವಾಪಸ್ ಬನ್ನಿ ಎಂದೆ.

ಅದೇ ತಿಂಗಳು 64ರ ಒಬ್ಬರು ಬಂದರು. ನಲವತ್ತು ವರ್ಷ ಬೀಡಿ, ಹಳೆಯ ಟಿಬಿ. ಅವರ ಪಟ್ಟಿ ಬರೀ ಒಂದೂವರೆ ಸೆಂಟಿಮೀಟರ್. ಆದರೆ ಆಕ್ಸಿಜನ್ 84, ಮೈಯೆಲ್ಲ ಬೆವರು, ಒಂದು ವಾಕ್ಯ ಪೂರ್ತಿ ಆಡಲು ಆಗುತ್ತಿರಲಿಲ್ಲ. ಕೆಟ್ಟ ಶ್ವಾಸಕೋಶಕ್ಕೆ ಉಳಿತಾಯದ ಖಾತೆಯೇ ಇರುವುದಿಲ್ಲ, ಸ್ವಲ್ಪ ಗಾಳಿಗೂ ಸೋತುಹೋಗುತ್ತದೆ. ಇವರಿಗೆ ಐಸಿಡಿ, ಅಂದರೆ ಎದೆಯ ಪೈಪ್, ಬೇಕೇ ಬೇಕು.

ಹಾಕುವ ಮುಂಚೆ ಒಂದು ನಿಮಿಷ ಹಳೆಯ ಫಿಲ್ಮ್ ಕೇಳಿದೆ. ಬೀಡಿ ಸೇದಿದವರಲ್ಲಿ ಶ್ವಾಸಕೋಶದಲ್ಲೇ ಬುಲ್ಲಾ ಅಂತ ದೊಡ್ಡ ಗಾಳಿಗುಳ್ಳೆ ಇರಬಹುದು. ಅದಕ್ಕೆ ಪೈಪ್ ಚುಚ್ಚಿದರೆ ಇಲ್ಲದ ನ್ಯೂಮೊಥೊರಾಕ್ಸನ್ನು ನಾವೇ ಮಾಡಿದ ಹಾಗೆ. ಬುಲ್ಲಾದ ಅಂಚು ಬಟ್ಟಲಿನಂತೆ ಒಳಕ್ಕೆ ಬಾಗಿರುತ್ತದೆ, ಪ್ಲೂರಾದ ಗೆರೆ ಎದೆಗೋಡೆಗೆ ಜೊತೆಜೊತೆಯಾಗಿ ಸಾಗುತ್ತದೆ. ಹಳೆಯ ಫಿಲ್ಮಿನಲ್ಲಿ ಆ ಗೆರೆ ಇರಲಿಲ್ಲ. ಅನುಮಾನ ಉಳಿದಿದ್ದರೆ ಸಿಟಿ ಸ್ಕ್ಯಾನ್ ಮಾಡಿಸುತ್ತಿದ್ದೆ. (ಬಿಪಿ ಬೀಳುತ್ತಿದ್ದರೆ ಮಾತ್ರ ಯಾವ ಫಿಲ್ಮಿಗೂ ಕಾಯಬಾರದು, ಆಗ ಮೊದಲು ಸೂಜಿ.)

ಕೈಯನ್ನು ತಲೆಯ ಹಿಂದೆ ಇರಿಸಿ, ಕಂಕುಳ ಕೆಳಗೆ, ಮೊಲೆತೊಟ್ಟಿನ ಮಟ್ಟಕ್ಕಿಂತ ಕೆಳಗೆ ಹೋಗದಂತೆ ಜಾಗ ಗುರುತಿಸಿದೆ. ಪಕ್ಕೆಲುಬಿನ ಮೇಲಂಚಿಗೆ ತಾಗಿಸಿಯೇ ಒಳಗೆ ಹೋಗಬೇಕು. ಕೆಳಂಚಿನಲ್ಲಿ ರಕ್ತನಾಳ, ನರ ಇರುತ್ತವೆ. ಮರಗಟ್ಟಿಸುವ ಸೂಜಿಯಲ್ಲೇ ಎಳೆದು ನೋಡಿದೆ, ಸಿರಿಂಜಿಗೆ ಗಾಳಿಗುಳ್ಳೆ ಬಂತು. ಬರದಿದ್ದರೆ ಮುಂದೆ ಹೋಗುತ್ತಲೇ ಇರಲಿಲ್ಲ. 14 ಫ್ರೆಂಚ್ ಗಾತ್ರದ ಸಣ್ಣ ಪೈಪ್ ಹಾಕಿ ನೀರಿನ ಬಾಟಲಿಗೆ ಜೋಡಿಸಿದೆ. ಗುಳುಗುಳು ಶುರುವಾಯಿತು. ಕಾಲು ಗಂಟೆಯಲ್ಲಿ ಅವರು, "ಈಗ ಜೀವ ಬಂತು ಸ್ವಾಮಿ" ಎಂದರು.

ಎರಡನೇ ದಿನ ಎಡವಟ್ಟಾಯಿತು. ಎಕ್ಸ್-ರೇಗೆ ಕರೆದೊಯ್ಯುವಾಗ ಬಾಟಲಿ ಚೆಲ್ಲಬಾರದು ಅಂತ ಯಾರೋ ಪೈಪಿಗೆ ಕ್ಲ್ಯಾಂಪ್ ಹಾಕಿದ್ದರು. ಗುಳ್ಳೆ ಬರುತ್ತಿದ್ದ ಪೈಪ್! ಗಾಳಿ ಸೋರುತ್ತಲೇ ಇದೆ, ಹೊರದಾರಿ ಮುಚ್ಚಿದೆ. ಐದು ನಿಮಿಷದಲ್ಲಿ ಅವರಿಗೆ ಮತ್ತೆ ದಮ್ಮು ಏರಿತು. ಕ್ಲ್ಯಾಂಪ್ ತೆಗೆದ ಕೂಡಲೇ ಬಾಟಲಿ ಬುಸ್ ಎಂದಿತು. ಬಾಟಲಿಯನ್ನು ಎದೆಯ ಮಟ್ಟಕ್ಕಿಂತ ಕೆಳಗೆ, ನೆಟ್ಟಗೆ ಹಿಡಿದರೆ ಸಾಕಿತ್ತು. ಆರನೇ ದಿನ ಕೆಮ್ಮಿಸಿದರೂ ಗುಳ್ಳೆ ಬರಲಿಲ್ಲ, ಫಿಲ್ಮಿನಲ್ಲಿ ಶ್ವಾಸಕೋಶ ಪೂರ್ತಿ ಹಿಗ್ಗಿತ್ತು. ಮರುದಿನ ಪೈಪ್ ತೆಗೆದೆ.

ಹುಡುಗ ಎರಡನೇ ವಾರ ಬಂದಾಗ ಗೆರೆ ಒಂದೂವರೆ ಸೆಂಟಿಮೀಟರಿಗೆ ಇಳಿದಿತ್ತು. ಅಷ್ಟರಲ್ಲಿ ಅವನಿಗೆ ದುಬೈಯಲ್ಲಿ ಕೆಲಸ ಸಿಕ್ಕಿ, ಟಿಕೆಟೂ ಆಗಿತ್ತು. ಬೇಡ ಎಂದೆ. ವಿಮಾನದಲ್ಲಿ ಒತ್ತಡ ಕಡಿಮೆಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಫಿಲ್ಮಿನಲ್ಲಿ ಗೆರೆ ಪೂರ್ತಿ ಹೋಗಿ, ಆಮೇಲೂ ಒಂದು ವಾರ ಕಳೆಯಬೇಕು. ಮುಖ ಸಪ್ಪೆ ಮಾಡಿಕೊಂಡು ಟಿಕೆಟ್ ಮುಂದೂಡಿದ. ಆರನೇ ವಾರದ ಫಿಲ್ಮಿನಲ್ಲಿ ಬೆರಳಿಟ್ಟು ಹುಡುಕಿದರೂ ಗೆರೆ ಸಿಗಲಿಲ್ಲ. ಜೇಬಿನಲ್ಲಿ ಸಿಗರೇಟು ಪ್ಯಾಕ್ ಮಾತ್ರ ಇನ್ನೂ ಇತ್ತು. ಅದನ್ನು ಅವನ ಅಮ್ಮನೇ ತೆಗೆದು ನನ್ನ ಮೇಜಿನ ಮೇಲಿಟ್ಟರು.